ಗೆಸ್ಟ್ ಹೋದ ಮೇಲೆ ಕಳಿಸುವ ಆ ಒಂದು ಮೆಸೇಜ್

"ಡಿಯರ್ ಗೆಸ್ಟ್, ನಮ್ಮಲ್ಲಿ ತಂಗಿದ್ದಕ್ಕೆ ಧನ್ಯವಾದಗಳು. ನಿಮ್ಮ ಅಮೂಲ್ಯವಾದ 5 ಸ್ಟಾರ್ ರಿವ್ಯೂ ನಮಗೆ ಬಹಳ ಮುಖ್ಯ. ದಯವಿಟ್ಟು ಕೆಳಗಿನ ಲಿಂಕ್ ಒತ್ತಿ ತಪ್ಪದೇ ರಿವ್ಯೂ ಕೊಡಿ. ಮತ್ತೆ ಬನ್ನಿ."

ಇದನ್ನು ಬರೆದದ್ದು ನಾನೇ. ಮಲ್ಪೆಯಿಂದ ಕಾಪು ಕಡೆಗೆ ಬರುವ ಸಮುದ್ರದ ದಾರಿಯಲ್ಲಿ ನಮ್ಮದೊಂದು ಮೂರು ಕೋಣೆಯ ಹೋಂಸ್ಟೇ. ಶುರು ಮಾಡಿದ ಹೊಸತರಲ್ಲಿ ಬಂದವರಿಗೆಲ್ಲ ಇದೇ ಮೆಸೇಜ್ ಹೋಗುತ್ತಿತ್ತು. ಕೆಲವರು ಹೆಬ್ಬೆರಳಿನ ಚಿತ್ರ ಕಳಿಸಿದರು. ಜಾಸ್ತಿ ಜನ ನೋಡಿ ಸುಮ್ಮನಾದರು. ಹೋಗುವಾಗ ಗೇಟಿನ ಹತ್ತಿರ ಹತ್ತು ನಿಮಿಷ ನಿಂತು ಮಾತಾಡಿದವರೂ ಸುಮ್ಮನಾದಾಗ, ತಪ್ಪು ಅವರದಲ್ಲ, ಮೆಸೇಜಿನದು ಅಂತ ಗೊತ್ತಾಯಿತು.

ಈಗ ಅದನ್ನು ಪರೀಕ್ಷೆ ಮಾಡುವ ಒಂದು ಸುಲಭದ ದಾರಿ ಇಟ್ಟುಕೊಂಡಿದ್ದೇನೆ. ರಿವ್ಯೂ ಕೇಳುವ ಸಾಲನ್ನು ಬೆರಳಿನಿಂದ ಮುಚ್ಚಿ. ಉಳಿದದ್ದನ್ನು ಓದಿ. ಅಷ್ಟನ್ನೇ ಕಳಿಸಬಹುದು ಅನಿಸುತ್ತದೆಯಾ? ನನ್ನ ಹಳೆಯ ಮೆಸೇಜಿನಲ್ಲಿ ಆ ಸಾಲು ಮುಚ್ಚಿದರೆ ಉಳಿಯುವುದು "ಧನ್ಯವಾದಗಳು, ಮತ್ತೆ ಬನ್ನಿ" ಮಾತ್ರ. ಅದು ಬಸ್ಸಿನ ಹಿಂದೆ ಬರೆದ ಹಾಗೆ. ಥ್ಯಾಂಕ್ಸ್ ಹೇಳುವುದು ನೆಪ, ಕೆಲಸ ರಿವ್ಯೂದು ಅಂತ ಓದುವವರಿಗೆ ತಕ್ಷಣ ಗೊತ್ತಾಗುತ್ತದೆ.

ಮುಂದೆ ಹೇಳುವುದು ಚಿಕ್ಕ ಹೋಂಸ್ಟೇ, ಎರಡು ಮೂರು ಕೋಣೆಯ ಮನೆ ನಡೆಸುವವರಿಗೆ. ಐವತ್ತು ಕೋಣೆಯ ಹೋಟೆಲಿಗೆ ಇದು ಆಗುವ ಕೆಲಸವಲ್ಲ.

ಬರೆಯುವ ಕೆಲಸ ಚೆಕ್‌ಔಟ್ ದಿನವೇ ಶುರು

ಗೆಸ್ಟ್ ಕಾರು ಗೇಟು ದಾಟಿದ ಕೂಡಲೇ ರಿಜಿಸ್ಟರ್ ಪುಸ್ತಕದಲ್ಲಿ ಅವರ ಹೆಸರಿನ ಪಕ್ಕ ಒಂದು ಸಾಲು ಬರೆದಿಡಿ. ಅವರಿಗೆ ಮಾತ್ರ ಹೊಂದುವ ಸಾಲಾಗಿರಬೇಕು. "ಖುಷಿಯಾದರು" ಅಂತ ಬರೆದರೆ ಮರುದಿನ ಏನೂ ಪ್ರಯೋಜನಕ್ಕೆ ಬರುವುದಿಲ್ಲ.

ಒಂದು ಉದಾಹರಣೆ ಹಿಡಿದು ಕೊನೆಯವರೆಗೆ ಹೋಗುವ. ಡಿಸೆಂಬರಿನಲ್ಲಿ ಹುಬ್ಬಳ್ಳಿಯಿಂದ ಒಂದು ಕುಟುಂಬ ಬಂದಿತ್ತು. ಗಂಡ, ಹೆಂಡತಿ, ಏಳು ವರ್ಷದ ಮಗಳು, ಮತ್ತು ಗಂಡನ ಅಮ್ಮ. ಎರಡು ರಾತ್ರಿ ಇದ್ದರು. ಮೊದಲ ದಿನ ಕೃಷ್ಣ ಮಠ, ಎರಡನೇ ದಿನ ಮಲ್ಪೆಯಿಂದ ಬೋಟಿನಲ್ಲಿ ಸೇಂಟ್ ಮೇರಿಸ್ ದ್ವೀಪ. ಅಜ್ಜಿ ದ್ವೀಪಕ್ಕೆ ಹೋಗಲಿಲ್ಲ. ನಮ್ಮ ಜಗಲಿಯಲ್ಲಿ ಕೂತು ನನ್ನ ಅಮ್ಮನ ಜೊತೆ ಹಲಸಿನ ಹಪ್ಪಳದ ವಿಷಯ ಮಾತಾಡಿದರು. ಮಗುವಿಗೆ ಬೆಳಿಗ್ಗೆ ಬನ್ಸ್ ಬಿಟ್ಟು ಬೇರೆ ಏನೂ ಬೇಡ. ಎರಡನೇ ದಿನ ನೀರುದೋಸೆ ಮಾಡಿದ್ದೆವು, ಅದಕ್ಕೆ ಮುಖ ಸಣ್ಣ ಮಾಡಿಕೊಂಡಿತು. ಅಮ್ಮ ಪುನಃ ಬಾಳೆಹಣ್ಣು ಕಿವುಚಿ ಹಿಟ್ಟು ಕಲಸಿದರು. ನನ್ನ ಪುಸ್ತಕದಲ್ಲಿ ಇದ್ದದ್ದು ಇಷ್ಟೇ: "ಪುಟ್ಟಿ, ಬನ್ಸ್. ಅಜ್ಜಿ, ಹಪ್ಪಳ. ಕೆಳಗಿನ ಕೋಣೆ ಕೇಳಿ ತೆಗೆದುಕೊಂಡದ್ದು."

ಕೊನೆಯದು ಸಾಮಾನ್ಯ ವಿಷಯದ ಹಾಗೆ ಕಾಣುತ್ತದೆ. ಅದು ಆಮೇಲೆ ಕೆಲಸಕ್ಕೆ ಬರುತ್ತದೆ.

ಬರೆಯಬಾರದ್ದೂ ಇದೆ. ಯಾರ ಜೊತೆ ಬಂದರು, ರಾತ್ರಿ ಏನು ಕುಡಿದರು, ಯಾರಿಗೆ ಯಾವ ಕಾಯಿಲೆ, ಇವು ಯಾವುದೂ ಮೆಸೇಜಿಗೆ ಬರಬಾರದು. ನೀವು ಕಳಿಸಿದ್ದನ್ನು ಮನೆಯಲ್ಲಿ ಬೇರೆಯವರೂ ಓದಬಹುದು, ಆಫೀಸಿನಲ್ಲಿ ಪಕ್ಕದವರೂ ಓದಬಹುದು. ಮಗು, ಊಟ, ಮಳೆ, ನಾಯಿ, ಸಮುದ್ರ. ಇವುಗಳಿಂದ ಯಾರ ಮನೆಯಲ್ಲೂ ಜಗಳವಾಗುವುದಿಲ್ಲ.

ಯಾವಾಗ ಕಳಿಸಬೇಕು

ಬಿಲ್ ಕೊಡುವಾಗ "ಸರ್, ಒಂದು ರಿವ್ಯೂ ಹಾಕಿಬಿಡಿ" ಅಂತ ಫೋನು ಮುಂದೆ ಹಿಡಿಯುವವರಿದ್ದಾರೆ. ಅವರು ನಿಮ್ಮ ಎದುರೇ ನಿಂತು ಏನು ಬರೆಯಬೇಕು ಹೇಳಿ? ಮುಜುಗರಕ್ಕೆ ಐದು ಸ್ಟಾರ್ ಒತ್ತಿ ಹೋಗುತ್ತಾರೆ, ಒಂದು ಮಾತೂ ಬರೆಯುವುದಿಲ್ಲ.

ದಾರಿಯಲ್ಲಿರುವಾಗಲೂ ಬೇಡ. ಹುಬ್ಬಳ್ಳಿಯವರು ಭಾನುವಾರ ಬೆಳಿಗ್ಗೆ ಹತ್ತಕ್ಕೆ ಹೊರಟರು. ಅಂಕೋಲಾದವರೆಗೆ ಹೈವೇ, ಅಲ್ಲಿಂದ ಅರಬೈಲು ಘಾಟಿ ಹತ್ತಿ ಯಲ್ಲಾಪುರ, ಹುಬ್ಬಳ್ಳಿ. ಊಟ, ಚಹಾ ಎಲ್ಲ ಸೇರಿ ಮನೆ ಮುಟ್ಟುವಾಗ ಸಂಜೆ. ಆಮೇಲೆ ಒದ್ದೆ ಬಟ್ಟೆ, ಮರುದಿನದ ಸ್ಕೂಲ್ ಬ್ಯಾಗ್. ಆ ಹೊತ್ತಿಗೆ ಬಂದ ಮೆಸೇಜ್ "ಆಮೇಲೆ ನೋಡುವಾ" ಅಂತ ಕೆಳಗೆ ಹೋಗುತ್ತದೆ, ಮತ್ತೆ ಮೇಲೆ ಬರುವುದಿಲ್ಲ. ಸೋಮವಾರ ಸಂಜೆ ಏಳೂವರೆಯ ಹೊತ್ತು ಸರಿ. ಬೆಂಗಳೂರಿಗೆ ರಾತ್ರಿ ಬಸ್ಸು ಹತ್ತಿದವರಿಗೂ ಹಾಗೆಯೇ. ಅವರು ಬೆಳಿಗ್ಗೆ ಇಳಿದು ನೇರ ಆಫೀಸಿಗೆ ಹೋಗಿರುತ್ತಾರೆ, ಹಾಗಾಗಿ ಆ ದಿನ ಸಂಜೆ ಅಥವಾ ಅದರ ಮರುದಿನ.

ನಾಲ್ಕೈದು ದಿನ ಬಿಟ್ಟರೆ ಬನ್ಸ್ ಮರೆತು ಹೋಗಿರುತ್ತದೆ. ಏರ್‌ಬಿಎನ್‌ಬಿಯಲ್ಲಿ ಬಂದವರಾದರೆ ಇನ್ನೊಂದು ಲೆಕ್ಕವೂ ಇದೆ: ಚೆಕ್‌ಔಟ್ ಆಗಿ 14 ದಿನ ಮಾತ್ರ ರಿವ್ಯೂ ಬರೆಯಲು ಆಗುವುದು. ಗೂಗಲ್‌ನಲ್ಲಿ ಅಂಥ ಗಡುವು ಇಲ್ಲ.

ಒಂದೇ ಜಾಗದಲ್ಲಿ ಕೇಳಿ

ಗೆಸ್ಟ್ ಎಲ್ಲಿಂದ ಬುಕ್ ಮಾಡಿದರೋ ಅಲ್ಲಿಯೇ ಕೇಳಬೇಕು. "ಗೂಗಲ್‌ನಲ್ಲೂ ಹಾಕಿ, ಏರ್‌ಬಿಎನ್‌ಬಿಯಲ್ಲೂ ಹಾಕಿ" ಅಂದರೆ ಹೋಂವರ್ಕ್ ಕೊಟ್ಟ ಹಾಗೆ.

ಏರ್‌ಬಿಎನ್‌ಬಿಯಲ್ಲಿ ನೀವು ಕೇಳುವ ಅಗತ್ಯವೇ ಕಡಿಮೆ. ಕಂಪನಿಯೇ ಗೆಸ್ಟ್‌ಗೆ ನೆನಪಿಸುತ್ತದೆ. ಅಲ್ಲಿ ನೀವೂ ಗೆಸ್ಟ್ ಬಗ್ಗೆ ರಿವ್ಯೂ ಬರೆಯಬಹುದು. ಇಬ್ಬರೂ ಬರೆಯುವವರೆಗೆ ಅಥವಾ 14 ದಿನ ಮುಗಿಯುವವರೆಗೆ ಒಬ್ಬರದ್ದು ಇನ್ನೊಬ್ಬರಿಗೆ ಕಾಣುವುದಿಲ್ಲ. ಹಾಗಾಗಿ ನಾನು ಮಾಡುವುದು ಇಷ್ಟೇ: ಗೆಸ್ಟ್ ಬಗ್ಗೆ ನನ್ನ ರಿವ್ಯೂ ಮೊದಲು ಬರೆದುಬಿಡುತ್ತೇನೆ. ಹೋಸ್ಟ್ ಬರೆದಿದ್ದಾರೆ ಅಂತ ಅವರಿಗೆ ಸೂಚನೆ ಹೋಗುತ್ತದೆ. ಏನು ಬರೆದಿರಬಹುದು ಅಂತ ನೋಡುವ ಕುತೂಹಲ ಯಾರಿಗಿಲ್ಲ? ಆ ಆ್ಯಪ್‌ನೊಳಗೆ ಬರೀ ಥ್ಯಾಂಕ್ಸ್ ಮೆಸೇಜ್ ಕಳಿಸಿದರೆ ಸಾಕು. ಬುಕಿಂಗ್.ಕಾಮ್ ಕೂಡ ತಾನೇ ಗೆಸ್ಟ್‌ಗೆ ಮೇಲ್ ಹಾಕುತ್ತದೆ.

ನಿಜವಾಗಿ ಕೇಳಬೇಕಾಗುವುದು ಫೋನು ಮಾಡಿ ನೇರ ಬಂದವರನ್ನು. ಅವರಿಗೆ ಗೂಗಲ್ ಲಿಂಕ್ ಬೇಕು. ನಿಮ್ಮ ಹೋಂಸ್ಟೇ ಗೂಗಲ್ ಮ್ಯಾಪ್‌ನಲ್ಲಿ ನಿಮ್ಮ ಗೂಗಲ್ ಖಾತೆಯ ಹೆಸರಿನಲ್ಲಿ ಇದ್ದರೆ, ಅದೇ ಖಾತೆಯಿಂದ ಗೂಗಲ್‌ನಲ್ಲಿ ನಿಮ್ಮ ಹೋಂಸ್ಟೇ ಹುಡುಕಿ. ಅಲ್ಲಿ `Ask for reviews` ಒತ್ತಿದರೆ ಲಿಂಕ್ ಸಿಗುತ್ತದೆ. ಅದು ಹೀಗಿರುತ್ತದೆ:

```
https://g.page/r/…/review
```

ಇದನ್ನು ಒತ್ತಿದರೆ ನೇರವಾಗಿ ಬರೆಯುವ ಜಾಗ ತೆರೆಯುತ್ತದೆ. ಮ್ಯಾಪಿನ ಸಾಮಾನ್ಯ ಲಿಂಕ್ ಕಳಿಸಿದರೆ ಅವರು ಎಲ್ಲಿ ಒತ್ತಬೇಕು ಅಂತ ಹುಡುಕಬೇಕು, ಅಷ್ಟರಲ್ಲಿ ಯಾರದೋ ಫೋನು ಬರುತ್ತದೆ. ಒಮ್ಮೆ ನಿಮ್ಮ ಅಕ್ಕನದೋ ತಮ್ಮನದೋ ಫೋನಿಗೆ ಕಳಿಸಿ, ತೆರೆಯುತ್ತದಾ ಅಂತ ನೋಡಿ. ನೋಡುವುದು ಮಾತ್ರ, ಅವರ ಹತ್ತಿರ ರಿವ್ಯೂ ಬರೆಸಬೇಡಿ. ಸಂಬಂಧಿಕರ ರಿವ್ಯೂ ಗೂಗಲ್ ನಿಯಮಕ್ಕೂ ಹೊರಗೆ, ಓದುವವರ ಕಣ್ಣಿಗೂ ಬೀಳುತ್ತದೆ.

ಈಗ ಮೆಸೇಜ್

ಹುಬ್ಬಳ್ಳಿಯವರಿಗೆ ಕಳಿಸಿದ್ದು ಇದು.

> ನಮಸ್ಕಾರ ಮೇಡಂ. ನಿನ್ನೆ ಘಾಟಿ ದಾರಿಯಲ್ಲಿ ಆರಾಮಾಗಿ ಊರು ಮುಟ್ಟಿರಬೇಕು ಅಂದುಕೊಂಡಿದ್ದೇನೆ. ನೀವೆಲ್ಲ ಬಂದು ಎರಡು ದಿನ ಇದ್ದದ್ದು ನಮಗೆ ತುಂಬಾ ಖುಷಿ. ಇವತ್ತು ಬೆಳಿಗ್ಗೆ ಬನ್ಸ್ ಕರಿಯುವಾಗ ಅಮ್ಮ, "ಆ ಪುಟ್ಟಿ ಇದ್ದಿದ್ದರೆ ಇಷ್ಟೊತ್ತಿಗೆ ಅಡುಗೆಮನೆ ಬಾಗಿಲಲ್ಲಿ ಇರ್ತಿತ್ತು" ಅಂದರು. ಅತ್ತೆಯವರಿಗೆ ನಮ್ಮೆಲ್ಲರ ನಮಸ್ಕಾರ ಹೇಳಿ.
>
> ಪುರುಸೊತ್ತು ಸಿಕ್ಕಿ, ಬರೆಯುವಾ ಅನಿಸಿದರೆ, ನಮ್ಮ ಮನೆ ಹೇಗಿತ್ತು ಅಂತ ಗೂಗಲ್‌ನಲ್ಲಿ ಎರಡು ಸಾಲು ಬರೆಯಬಹುದು. ಹಿರಿಯರನ್ನು ಕರೆದುಕೊಂಡು ಬರುವವರು ಕೋಣೆ, ಮೆಟ್ಟಿಲು, ಬಾತ್‌ರೂಮ್ ಬಗ್ಗೆ ಜಾಸ್ತಿ ಕೇಳುತ್ತಾರೆ. ಇದ್ದು ನೋಡಿದವರ ಮಾತು ಅವರಿಗೆ ಅನುಕೂಲ. ಸರಿ ಇಲ್ಲದ್ದನ್ನೂ ಬರೆದರೆ ಒಳ್ಳೆಯದೇ.
>
> https://g.page/r/…/review

ಮೊದಲ ಭಾಗದಲ್ಲಿ ರಿವ್ಯೂ ಎಂಬ ಮಾತೇ ಇಲ್ಲ. ಅಲ್ಲಿಗೆ ನಿಲ್ಲಿಸಿ ಕಳಿಸಿದರೂ ಅದು ಪೂರ್ತಿ ಮೆಸೇಜೇ. ಕರೆದದ್ದು "ಮೇಡಂ" ಅಂತ, ಯಾಕೆಂದರೆ ಎರಡು ದಿನವೂ ನಾನು ಹಾಗೆಯೇ ಕರೆದದ್ದು. ಮನೆಯಲ್ಲಿದ್ದಾಗ "ಅಕ್ಕ" ಅಂದಿದ್ದರೆ ಮೆಸೇಜಿನಲ್ಲೂ "ಅಕ್ಕ". ಎದುರಿಗೆ "ಅಣ್ಣ" ಅಂದವರಿಗೆ ಮರುದಿನ "ಡಿಯರ್ ಗೆಸ್ಟ್" ಅಂತ ಬರೆದರೆ, ಮಾತಾಡಿದ್ದು ಒಬ್ಬರು, ಬರೆದದ್ದು ಇನ್ನೊಬ್ಬರು ಅನಿಸುತ್ತದೆ.

ಕೇಳುವ ಸಾಲಿನ ಕ್ರಿಯಾಪದವನ್ನು ಸ್ವಲ್ಪ ನೋಡಿ. ಎಲ್ಲ ಅಲ್ಲಿಯೇ ಇರುವುದು. "ಕೊಡಿ" ಅಂದರೆ ಬೇಡಿದ ಹಾಗೆ. "ಬರೆಯಲೇಬೇಕು" ಅಂದರೆ ಹಠ. "ತಪ್ಪದೇ" ಮದುವೆ ಕರೆಯೋಲೆಯಲ್ಲಿ ಚಂದ, ಇಲ್ಲಿ ಭಾರ. "ದಯವಿಟ್ಟು" ವಿನಯದ ಮಾತೇ, ಆದರೆ ಬರವಣಿಗೆಯಲ್ಲಿ ನಾವು ಅದನ್ನು ನೋಡುವುದು ಎಲ್ಲಿ? "ದಯವಿಟ್ಟು ಚಪ್ಪಲಿ ಹೊರಗೆ ಬಿಡಿ", "ದಯವಿಟ್ಟು ಸಾಲಿನಲ್ಲಿ ಬನ್ನಿ". ಬೋರ್ಡಿನ ಭಾಷೆ ಅದು. "ಬರೆಯಬಹುದು", "ಬರೆದರೆ ಅನುಕೂಲ" ಎಂದಾಗ ಬೇಡ ಅನ್ನುವ ಜಾಗ ಅವರಿಗೆ ಉಳಿಯುತ್ತದೆ, ಬೇಡ ಅಂತ ಬಾಯಿಬಿಟ್ಟು ಹೇಳಬೇಕಾಗುವುದೂ ಇಲ್ಲ.

"ಬರೆಯದಿದ್ದರೂ ಬೇಜಾರಿಲ್ಲ ಆಯ್ತಾ" ಅಂತ ಸೇರಿಸುವ ಆಸೆ ಬರುತ್ತದೆ. ನನಗೂ ಬಂದಿತ್ತು. ಸೇರಿಸಬೇಡಿ. ಬೇಜಾರು ಎಂಬ ಮಾತು ಬಂದ ಕೂಡಲೇ ಬೇಜಾರಾಗಬಹುದು ಎಂಬ ಯೋಚನೆಯೂ ಬರುತ್ತದೆ. "ನಮ್ಮಂಥ ಸಣ್ಣವರಿಗೆ ನೀವೇ ಆಧಾರ" ಎಂಬ ಧಾಟಿಯೂ ಬೇಡ.

ಇನ್ನು ಆ ಕೆಳಗಿನ ಕೋಣೆಯ ವಿಷಯ. ಸುಮ್ನೆ "ರಿವ್ಯೂ ಬರೆಯಿರಿ" ಅಂದರೆ ಜನರಿಗೆ ಏನು ಬರೆಯಬೇಕು ತೋಚುವುದಿಲ್ಲ. "ಗುಡ್", "ನೈಸ್ ಪ್ಲೇಸ್" ಅಂತ ಬರೆದು ಮುಗಿಸುತ್ತಾರೆ. ಮುಂದೆ ಬರುವವರು ನಿಜವಾಗಿ ಕೇಳುವ ಒಂದು ವಿಷಯವನ್ನು ಎತ್ತಿ ಕೊಟ್ಟರೆ ಬರೆಯಲು ತುದಿ ಸಿಗುತ್ತದೆ. ಅಜ್ಜಿಯನ್ನು ಕರೆತಂದವರಿಗೆ ಮೆಟ್ಟಿಲು, ಕಾರಿನಲ್ಲಿ ಬಂದವರಿಗೆ ಪಾರ್ಕಿಂಗ್, ಮಣಿಪಾಲಕ್ಕೆ ಮಗನನ್ನು ಕಾಲೇಜಿಗೆ ಸೇರಿಸಲು ಬಂದ ಅಪ್ಪ ಅಮ್ಮನಿಗೆ ಅಲ್ಲಿಗೆ ಹೋಗಿ ಬರುವ ದಾರಿ. ಮಳೆಗಾಲದಲ್ಲಿ ದ್ವೀಪಕ್ಕೆ ಬೋಟು ಇರುವುದಿಲ್ಲ. ಆಗ ಬಂದವರು ಮಳೆಯಲ್ಲಿ ದಿನ ಹೇಗೆ ಕಳೆದರು ಅಂತ ಬರೆದರೆ ಅದನ್ನು ಓದಲು ಜನ ಇದ್ದಾರೆ. ವಿಷಯ ಮಾತ್ರ ಕೊಡಿ. "ಊಟ ಸೂಪರ್ ಅಂತ ಬರೆಯಿರಿ" ಅಂತ ವಾಕ್ಯವನ್ನೇ ಬಾಯಿಗೆ ಹಾಕಬೇಡಿ.

ಮರೆತು ಹೋದ ವಸ್ತು ಇದ್ದರೆ ಅದಕ್ಕೆ ಬೇರೆ ಮೆಸೇಜ್. ನಮ್ಮಲ್ಲಿ ಹಗ್ಗದ ಮೇಲೆ ಟವೆಲ್ ಬಿಟ್ಟು ಹೋಗುವವರು ವಾರಕ್ಕೊಬ್ಬರಾದರೂ ಇದ್ದಾರೆ. "ಟವೆಲ್ ಕೊರಿಯರ್ ಮಾಡ್ತೇನೆ, ರಿವ್ಯೂ ಬರೀತೀರಾ" ಅಂದರೆ ಟವೆಲನ್ನು ಒತ್ತೆ ಇಟ್ಟುಕೊಂಡ ಹಾಗಾಗುತ್ತದೆ.

ವಾಟ್ಸ್ಆ್ಯಪ್ ಬಿಸಿನೆಸ್ ಇದ್ದರೆ ಎರಡನೇ ಭಾಗ ಮತ್ತು ಲಿಂಕನ್ನು `Quick replies` ಒಳಗೆ ಇಟ್ಟುಕೊಳ್ಳಬಹುದು. `/thanks` ಅಂತ ಹೊಡೆದರೆ ಅದು ಬಂದುಬಿಡುತ್ತದೆ. ಅದರಲ್ಲಿ ಮೆಟ್ಟಿಲು, ಪಾರ್ಕಿಂಗ್ ಅಂಥ ವಿಷಯವನ್ನು ಗೆಸ್ಟ್‌ಗೆ ತಕ್ಕ ಹಾಗೆ ಬದಲಿಸಿದರೆ ಸಾಕು. ಮೊದಲ ಭಾಗವನ್ನು ಮಾತ್ರ ಪ್ರತಿ ಸಲ ಹೊಸದಾಗಿ ಬರೆಯಿರಿ. ಹಳೆಯದನ್ನು ಕಾಪಿ ಮಾಡಲು ಹೋಗಿ ನಾನು ಒಮ್ಮೆ ಕಾಸರಗೋಡಿನಿಂದ ಬಂದ ನಾಲ್ಕು ಹುಡುಗರಿಗೆ "ಪುಟ್ಟಿಗೆ ಬನ್ಸ್ ನೆನಪಿದೆಯಾ" ಅಂತ ಕಳಿಸಿದ್ದೇನೆ. ಅವರು ಆರು ತಿಂಗಳು ಆ ಗುಂಪಿನ ಒಬ್ಬನನ್ನು ಪುಟ್ಟಿ ಅಂತಲೇ ಕರೆದರಂತೆ.

ಚೆನ್ನಾಗಿದ್ದರೆ ಮಾತ್ರ ಬರೆಯಿರಿ ಅಂತ ಹೇಳಬಾರದು

ಹಳೆಯ ಹೋಟೆಲುಗಳ ಗಲ್ಲಾಪೆಟ್ಟಿಗೆಯ ಮೇಲೆ ಒಂದು ಬೋರ್ಡ್ ಇರುತ್ತಿತ್ತು: ರುಚಿ ಇಷ್ಟವಾದರೆ ಬೇರೆಯವರಿಗೆ ಹೇಳಿ, ಇಷ್ಟವಾಗದಿದ್ದರೆ ನಮಗೆ ಹೇಳಿ ಅಂತ. ಓದಲು ಹಿತ. ಹೋಟೆಲಿನಲ್ಲಿ ಅದರಿಂದ ಯಾರಿಗೂ ನಷ್ಟವಿಲ್ಲ. ಆದರೆ ಅದೇ ಮಾತನ್ನು "ಇಷ್ಟವಾದರೆ ಗೂಗಲ್‌ನಲ್ಲಿ ಬರೆಯಿರಿ, ಇಲ್ಲದಿದ್ದರೆ ನನಗೆ ಮೆಸೇಜ್ ಮಾಡಿ" ಅಂತ ಮಾಡಿದರೆ ಗೂಗಲ್ ನಿಯಮಕ್ಕೆ ತಪ್ಪು. ಖುಷಿಯಾದವರನ್ನು ಮಾತ್ರ ಆರಿಸಿ ಕೇಳುವುದನ್ನೂ, ಕೆಟ್ಟದ್ದು ಬರೆಯದ ಹಾಗೆ ತಡೆಯುವುದನ್ನೂ ಅದು ಒಪ್ಪುವುದಿಲ್ಲ. ಹಾಗಾಗಿ ನಮ್ಮ ಮನೆಯಿಂದ ನೇರ ಬುಕ್ ಮಾಡಿದ ಎಲ್ಲರಿಗೂ ಒಂದೇ ಲಿಂಕ್, ಕೇಳುವ ಸಾಲೂ ಒಂದೇ. ಬಿಲ್ಲಿನ ಹೊತ್ತಿಗೆ ಮುಖ ಗಂಟು ಹಾಕಿಕೊಂಡವರಿಗೂ.

ಉಡುಗೊರೆಯೂ ಹಾಗೆಯೇ. "ರಿವ್ಯೂ ಹಾಕಿದರೆ ಮುಂದಿನ ಸಲ 10% ಕಡಿಮೆ" ಎಂಬುದು ಗೂಗಲ್‌ನಲ್ಲೂ ಏರ್‌ಬಿಎನ್‌ಬಿಯಲ್ಲೂ ನಡೆಯುವುದಿಲ್ಲ. ನಾವು ಹೊರಡುವವರ ಕೈಗೆಲ್ಲ ಒಂದು ಕಟ್ಟು ಹಲಸಿನ ಹಪ್ಪಳ ಕೊಡುತ್ತೇವೆ. ಅದು ಎಲ್ಲರಿಗೂ ಕೊಡುವುದು, ಕೊಡುವಾಗ ರಿವ್ಯೂ ಮಾತು ಬರುವುದಿಲ್ಲ. ಮರುದಿನದ ಮೆಸೇಜಿನಲ್ಲೂ ಹಪ್ಪಳ ಎತ್ತುವುದಿಲ್ಲ. ಹಪ್ಪಳ ಮತ್ತು ಲಿಂಕ್ ಒಂದೇ ಮೆಸೇಜಿನಲ್ಲಿ ಬಂದರೆ ಹಪ್ಪಳಕ್ಕೆ ಬೆಲೆ ಹಚ್ಚಿದ ಹಾಗೆ, ಅಲ್ವಾ?

ಎಡವಟ್ಟಾದ ದಿನ

ಒಂದು ಜೂನ್ ರಾತ್ರಿ ಗಾಳಿಮಳೆಗೆ ಕರೆಂಟ್ ಹೋಯಿತು. ಎರಡು ಗಂಟೆಯ ಹೊತ್ತಿಗೆ ಇನ್ವರ್ಟರ್ ಕೂಡ ಕೈಕೊಟ್ಟಿತು. ಬ್ಯಾಟರಿಯ ನೀರು ನೋಡದೆ ತಿಂಗಳುಗಳಾಗಿದ್ದವು, ತಪ್ಪು ನನ್ನದೇ. ಗೆಸ್ಟ್ ದಂಪತಿ ಬೆಳಿಗ್ಗೆ "ಪರವಾಗಿಲ್ಲ ಬಿಡಿ" ಅಂದರು. ಪರವಾಗಿಲ್ಲ ಅಂದರೆ ಪರವಾಗಿದೆ ಅಂತಲೇ ಅರ್ಥ.

ಇಂಥ ಹೊತ್ತಿನಲ್ಲಿ ಮೊದಲು ವಿಷಯ ಮುಗಿಸಬೇಕು, ಆಮೇಲೆ ಮೆಸೇಜ್. ಆ ರಾತ್ರಿಯ ಅರ್ಧ ಬಾಡಿಗೆಯನ್ನು ಅವರು ಹೊರಡುವ ಮೊದಲೇ ಬಿಲ್ಲಿನಲ್ಲಿ ಬಿಟ್ಟೆ. ಮರುದಿನ ಸಂಜೆಯ ಮೆಸೇಜಿನಲ್ಲಿ ದುಡ್ಡಿನ ಮಾತು ತರಲಿಲ್ಲ. ತಂದರೆ ಅದು ರಿವ್ಯೂಗೆ ಕೊಟ್ಟ ಲಂಚದ ಹಾಗೆ ಕಾಣುತ್ತದೆ. ಬರೆದದ್ದು ಇಷ್ಟು: "ಆ ರಾತ್ರಿ ನಿಮ್ಮ ನಿದ್ದೆ ಕೆಟ್ಟದ್ದು ನಮ್ಮ ತಪ್ಪಿನಿಂದ. ಬ್ಯಾಟರಿ ನಾವು ನೋಡಿಕೊಂಡಿರಲಿಲ್ಲ. ಇವತ್ತು ಬದಲಿಸಿದೆವು." ಕೆಳಗೆ ಎಲ್ಲರಿಗೂ ಹೋಗುವ ಅದೇ ಸಾಲು, ಅದೇ ಲಿಂಕ್.

ಅವರು ಬರೆದರು. ನಾಲ್ಕು ಸ್ಟಾರ್. ಕರೆಂಟಿನ ಕಥೆಯೂ ಇತ್ತು, ಬ್ಯಾಟರಿ ಬದಲಿಸಿದ್ದೂ ಇತ್ತು. ಒಂದು ಸ್ಟಾರ್ ಹೋಯಿತು ಅಂತ ಅಮ್ಮನಿಗೆ ಎರಡು ದಿನ ಸಂಕಟ.

ಕಳಿಸಿದ ಮೇಲೆ

ಹುಬ್ಬಳ್ಳಿಯವರ ಉತ್ತರ ಅರ್ಧ ಗಂಟೆಯಲ್ಲಿ ಬಂತು. "ಆರಾಮ್ ಮುಟ್ಟಿದ್ವಿ ರೀ. ಅತ್ತಿಯೋರು ನಿಮ್ಮ ಅಮ್ಮನ್ನ ಭಾಳ ನೆನಸ್ತಾರ. ಬರೀತೀನ್ರಿ." ನಾನು "ಸಂತೋಷ ಮೇಡಂ" ಅಂದೆ. ಅಲ್ಲಿಗೆ ನನ್ನ ಕೆಲಸ ಮುಗಿಯಿತು. ನೀಲಿ ಟಿಕ್ ಬಿದ್ದು ಮೂರು ದಿನವಾದರೂ, ಬರೀತೀನಿ ಅಂದು ಬರೆಯದಿದ್ದರೂ, ಎರಡನೇ ಸಲ ಕೇಳುವುದಿಲ್ಲ. ಒಂದು ಸಲ ಕೇಳಿದರೆ ಕೇಳಿದ ಹಾಗೆ, ಎರಡು ಸಲ ಕೇಳಿದರೆ ಬಾಕಿ ವಸೂಲಿ. ದೀಪಾವಳಿಗೆ ಶುಭಾಶಯ ಕಳಿಸುವ ನೆಪದಲ್ಲಿ ಲಿಂಕ್ ತೂರಿಸುವುದೂ ಬೇಡ.

ಒಂಬತ್ತನೇ ದಿನ ರಿವ್ಯೂ ಬಂತು. ಬನ್ಸ್ ಬಗ್ಗೆ ಒಂದು ಸಾಲು, ಕೆಳಗಿನ ಕೋಣೆಯ ಬಗ್ಗೆ ಒಂದು ಸಾಲು, ಮತ್ತೆ ಹೀಗೆ: ವಯಸ್ಸಾದವರಿಗೆ ಎಲ್ಲ ಅನುಕೂಲ, ಬಾತ್‌ರೂಮಿನ ಹೊಸ್ತಿಲು ಮಾತ್ರ ಎತ್ತರ, ರಾತ್ರಿ ಎಡವುವ ಹಾಗಿದೆ.

ಇದಕ್ಕೆ ಗೂಗಲ್‌ನಲ್ಲಿ ಉತ್ತರ ಬರೆಯುವಾಗ ಮೆಸೇಜಿನ ಸಲಿಗೆ ಬೇಡ, ಅದು ಊರಿಗೆಲ್ಲ ಕಾಣುವ ಜಾಗ. ಅತ್ತೆ, ಪುಟ್ಟಿ, ಹುಬ್ಬಳ್ಳಿ ಯಾವುದನ್ನೂ ತರಲಿಲ್ಲ. "ಬರೆದದ್ದಕ್ಕೆ ಧನ್ಯವಾದ. ಹೊಸ್ತಿಲು ನಮ್ಮ ಗಮನಕ್ಕೆ ಬಂದಿರಲಿಲ್ಲ. ಮೇಸ್ತ್ರಿಗೆ ಹೇಳಿದ್ದೇವೆ" ಅಂತ ಬರೆದೆ. ಮೇಸ್ತ್ರಿ ಬರಲು ಮೂರು ವಾರ ಮಾಡಿದ, ಅದು ಬೇರೆ ಕಥೆ.

ಜನವರಿ ಕೊನೆಗೆ ಮೈಸೂರಿನಿಂದ ಒಬ್ಬರು ಫೋನು ಮಾಡಿದರು. ಅಪ್ಪ ಅಮ್ಮನನ್ನು ಕರೆದುಕೊಂಡು ಬರುವವರು. ಬಾಡಿಗೆ ಎಷ್ಟು ಅಂತ ಕೇಳುವ ಮೊದಲೇ ಅವರು ಕೇಳಿದ್ದು, "ಆ ಹೊಸ್ತಿಲು ಸರಿ ಮಾಡಿಸಿದ್ರಾ?"